ಮಾವನ ಕಾರಿನ ಹಾರ್ನು

ರಾಜಾನುಕುಂಟೆಯ ನರಸಿಂಹಯ್ಯನವರಿಗೆ ಕಾರು ಓಡಿಸುವುದೆಂದರೆ ಹಾರ್ನು ಹೊಡೆಯುವುದು. ಸ್ಟೇರಿಂಗು, ಗೇರು, ಬ್ರೇಕು ಎಲ್ಲ ಆಮೇಲಿನ ಮಾತು. ಗೇಟು ತೆಗೆಯಿರಿ ಎನ್ನಲು ಎರಡು ಹಾರ್ನು, ಮುನೇಶ್ವರನ ಗುಡಿ ಎದುರಾದರೆ ಭಕ್ತಿಯಿಂದ ಒಂದು, ಪರಿಚಯದವರು ಕಂಡರೆ ಚಿಕ್ಕದು, ಪರಿಚಯವಿಲ್ಲದವರು ಅಡ್ಡ ಬಂದರೆ ಉದ್ದದ್ದು. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ ಮೇಲೆ ತೆಗೆದುಕೊಂಡ ಬಿಳಿ ಕಾರು ಅದು. ಬಾಡಿಗೆದಾರರು ಅದರ ಸದ್ದಿನಿಂದಲೇ ಮಾಲೀಕರ ಮನಸ್ಥಿತಿ ತಿಳಿದು, ಆ ದಿನ ನಲ್ಲಿ ರಿಪೇರಿ ವಿಚಾರ ಎತ್ತಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಆ ಕಾರನ್ನು ಯಲಹಂಕದ ಸಂತೆ ಬೀದಿಯಲ್ಲಿ ನಿಲ್ಲಿಸಿದ್ದಾಗ ಯಾರೋ ಬಾಗಿಲಿನ ಉದ್ದಕ್ಕೂ ಗೀಚಿಹೋದರು. ನರಸಿಂಹಯ್ಯ ಒಂದು ವಾರ ಊಟ ರುಚಿಸದೆ ಓಡಾಡಿದರು. ಆಗ ಅಳಿಯ ಗಿರಿ, "ಡ್ಯಾಶ್‌ಕ್ಯಾಮ್ ಹಾಕ್ಸೋಣ ಮಾವ. ನಿಂತಿದ್ದಾಗ್ಲೂ ರೆಕಾರ್ಡ್ ಮಾಡುತ್ತೆ. ಅಂಗಡಿಗೆ ಯಾಕೆ, ನಾನೇ ಹಾಕ್ಕೊಡ್ತೀನಿ," ಎಂದ.

ಗಿರಿ ಆರ್.ಟಿ. ನಗರದ ಒಂದು ಟೈಲ್ಸ್ ಶೋರೂಮಿನಲ್ಲಿ ಕೆಲಸ ಮಾಡುತ್ತಿದ್ದ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಮಾವ ಅವನನ್ನು ಯಾವುದಕ್ಕೂ ಬರುವವನೆಂದು ಪರಿಗಣಿಸಿರಲಿಲ್ಲ. 'ಅಳಿಯಂದ್ರೇ' ಎಂದು ಬಹುವಚನದಲ್ಲಿ ಕರೆಯುತ್ತಿದ್ದರು ನಿಜ, ಆದರೆ ಕೆಲಸವೇನಾದರೂ ಇದ್ದರೆ ಬೇರೆಯವರನ್ನು ಕೂಗುತ್ತಿದ್ದರು. ಗಿರಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಅವನು ಕ್ಯಾಮೆರಾ ತರಿಸಿ, ವಿಡಿಯೋಗಳನ್ನು ನೋಡಿ, ಶನಿವಾರ ಮಧ್ಯಾಹ್ನ ರಾಜಾನುಕುಂಟೆಗೆ ಬಂದು ಹೊಂಗೆಮರದ ನೆರಳಲ್ಲಿ ಕಾರಿನ ಬಾಗಿಲು ತೆರೆದು ಕೂತ.

ಕ್ಯಾಮೆರಾವನ್ನು ಗಾಜಿಗೆ ಅಂಟಿಸಿ, ವೈರನ್ನು ಮೇಲಿನ ಅಂಚಿನೊಳಗೆ ತುರುಕುತ್ತಾ ಬಾಗಿಲ ಕಂಬದ ಪಕ್ಕ ಕೆಳಗಿಳಿಸಿದ. ಸ್ಟೇರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ ಫ್ಯೂಸ್ ಬಾಕ್ಸು. ಮುಚ್ಚಳ ತೆಗೆದರೆ ಕೆಂಪು, ನೀಲಿ, ಹಳದಿ ಫ್ಯೂಸುಗಳು ಪೆಪ್ಪರ್‌ಮಿಂಟುಗಳಂತೆ ಸಾಲಾಗಿ ಕೂತಿದ್ದವು. ನರಸಿಂಹಯ್ಯ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಮೂರು ವೈರ್ ಯಾಕೆ ಅಳಿಯಂದ್ರೇ?"

"ಕರೀದು ಅರ್ಥಿಂಗು ಮಾವ. ಬಾಡಿ ಬೋಲ್ಟಿಗೆ ಬಿಗಿಯೋದು. ಕೆಂಪು, ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ಫ್ಯೂಸಿಗೆ. ಅಲ್ಲಿಂದ ಕ್ಯಾಮೆರಾಗೆ ಗಾಡಿ ಓಡ್ತಿದೆ ಅಂತ ಗೊತ್ತಾಗುತ್ತೆ. ಹಳದಿ, ಯಾವಾಗ್ಲೂ ಕರೆಂಟ್ ಇರೋ ಫ್ಯೂಸಿಗೆ. ಕೀ ತೆಗೆದ್ರೂ ಅದ್ರಿಂದ ಕ್ಯಾಮೆರಾ ಎಚ್ಚರವಾಗಿರುತ್ತೆ."

"ಬ್ಯಾಟ್ರಿ ಕುಡ್ದಾಕ್‌ಬುಡ್ತದಲ್ರೀ."

"ಇಲ್ಲ. ಬ್ಯಾಟರಿ ಹನ್ನೆರಡು ವೋಲ್ಟಿಗೆ ಇಳಿದ್ರೆ ವೈರಿನ ಮಧ್ಯ ಇರೋ ಈ ಡಬ್ಬಿ ತಾನೇ ಕ್ಯಾಮೆರಾ ಆಫ್ ಮಾಡುತ್ತೆ."

"ವೈರ್‌ನ ಫ್ಯೂಸಿಗೆ ಸಿಗಸೋದೆಂಗೆ? ಬೆಂಕಿಕಡ್ಡಿ ತುರುಕ್ತೀರಾ?"

ಗಿರಿ ಫ್ಯೂಸ್ ಟ್ಯಾಪನ್ನು ಅಂಗೈಯಲ್ಲಿಟ್ಟು ತೋರಿಸಿದ. ಎರಡು ಕಾಲು, ಒಂದರ ಮೇಲೊಂದು ಎರಡು ಕಂಡಿ, ಪಕ್ಕದಲ್ಲಿ ಬಾಲದಂತೆ ಒಂದು ವೈರು. ಮಾವನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಒಂದು ಕ್ಷಣ ಯೋಚಿಸಿದ.

"ಇದು ನಿಮ್ಮ ಬಾಡಿಗೆ ಮನೆ ಥರ ಮಾವ. ಕೆಳಗಿನ ಮನೇಲಿ ಹಳೇ ಬಾಡಿಗೆದಾರ, ಅಂದ್ರೆ ಹಳೇ ಫ್ಯೂಸು. ಅವನ ಪಾಡಿಗೆ ಅವನಿರ್ತಾನೆ. ಮೇಲಿನ ಮನೇಲಿ ಹೊಸಬ, ಕ್ಯಾಮೆರಾ ಫ್ಯೂಸು. ಇಬ್ಬರಿಗೂ ಕರೆಂಟ್ ಒಂದೇ ಕಡೆಯಿಂದ, ಆದ್ರೆ ಫ್ಯೂಸ್ ಬೇರೆ ಬೇರೆ. ಒಬ್ಬನದು ಸುಟ್ರೆ ಇನ್ನೊಬ್ಬನಿಗೆ ತೊಂದ್ರೆ ಇಲ್ಲ."

ನರಸಿಂಹಯ್ಯನವರ ಮುಖ ಅರಳಿತು. "ಆಂ! ಇಂಗೇಳಿ ಮತ್ತೆ."

ಗಿರಿ ಟೆಸ್ಟ್ ಲ್ಯಾಂಪು ಮುಟ್ಟಿಸಿ ನೋಡಿದ. ಚಾರ್ಜರ್ ಸಾಕೆಟ್ಟಿನ ಫ್ಯೂಸಿಗೆ ಕೀ ತಿರುಗಿಸಿದರೆ ಮಾತ್ರ ಕರೆಂಟು. ಕೆಂಪು ವೈರಿನ ಟ್ಯಾಪನ್ನು ಅಲ್ಲಿಗೆ ಹಾಕಿದ. ಹಾರ್ನಿನ ಫ್ಯೂಸಿಗೆ ಕೀ ತೆಗೆದಿದ್ದರೂ ಕರೆಂಟು. ಹಳದಿಗೆ ಅದೇ ಸರಿ ಎಂದು ಆ ನೀಲಿ ಹದಿನೈದು ಆಂಪ್ ಫ್ಯೂಸನ್ನು ಬಾಕ್ಸಿನಲ್ಲೇ ಇದ್ದ ಪುಟ್ಟ ಇಕ್ಕಳದಲ್ಲಿ ಕಿತ್ತು ಕೈಯಲ್ಲಿ ಹಿಡಿದಿದ್ದಾಗ ಅತ್ತೆ ಗಂಗರತ್ನಮ್ಮ ತಟ್ಟೆ ತುಂಬ ಬಿಸಿ ಕೋಡುಬಳೆ ತಂದು ನಿಂತರು.

"ಎರಡೂ ಕೈ ಒಡ್ಡಪ್ಪ ಗಿರಿ."

ಅತ್ತೆ ಹಾಗೆಂದಾಗ ಒಡ್ಡದೆ ಇರುವುದಕ್ಕಾಗುತ್ತದೆಯೇ? ಗಿರಿ ಫ್ಯೂಸನ್ನು ಶರಟಿನ ಜೇಬಿಗೆ ಹಾಕಿಕೊಂಡು ಕೈ ಒಡ್ಡಿದ. ಕೋಡುಬಳೆ ತಿಂದು, ಕಾಫಿ ಕುಡಿದು, ಕೈ ಒರೆಸಿಕೊಂಡು ಬಂದು ಹಳದಿ ವೈರಿನ ಟ್ಯಾಪನ್ನು ಒತ್ತಿ ಕೂರಿಸಿದ. ಮೇಲಿನ ಕಂಡಿಯಲ್ಲಿ ಕ್ಯಾಮೆರಾದ ಪುಟ್ಟ ಫ್ಯೂಸು ಇತ್ತು. ಕೆಳಗಿನ ಕಂಡಿ ಖಾಲಿ ಇತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಆ ಕ್ಷಣವೇ ಕ್ಯಾಮೆರಾ ಟಿಂಗ್ ಎಂದು ಹಸಿರು ದೀಪ ಹತ್ತಿಸಿತು. ಕೀ ತೆಗೆದ. ಕ್ಯಾಮೆರಾ ತಾನಾಗಿಯೇ ಕಾವಲಿಗೆ ಕೂತಿತು. ಹೆಡ್‌ಲೈಟು, ವೈಪರು, ಇಂಡಿಕೇಟರು ಎಲ್ಲ ಹಾಕಿ ನೋಡಿದ, ಸರಿಯಾಗಿದ್ದವು. ಹಾರ್ನು ಮಾತ್ರ ಒತ್ತಲಿಲ್ಲ. ಮಾವನ ಮನೆಯಲ್ಲಿ ಹಾರ್ನು ಒತ್ತುವ ಅಧಿಕಾರ ಇದ್ದದ್ದು ಒಬ್ಬರಿಗೇ.

ಆ ಸಂಜೆ ನರಸಿಂಹಯ್ಯ ಬಾಡಿಗೆದಾರರನ್ನೆಲ್ಲ ಕರೆದು ಕ್ಯಾಮೆರಾ ತೋರಿಸಿದರು. "ನಮ್ ಅಳಿಯಂದ್ರೇ ಆಕಿದ್ದು. ಒಂದು ವೈರೂ ಕಾಣಂಗಿಲ್ಲ ನೋಡಿ," ಎಂದರು. ಗಿರಿಗೆ ಅಂದು ರಾತ್ರಿ ಸುಖನಿದ್ರೆ.

ಮರುದಿನ ಭಾನುವಾರ ಮಾಕಳಿಯಲ್ಲಿ ಬೀಗರ ಊಟ. ಗಂಗರತ್ನಮ್ಮನವರ ತಮ್ಮ ದಾಸಪ್ಪನ ಮಗನ ಮದುವೆ ಆ ವಾರ ಮುಗಿದಿತ್ತು. ಗಿರಿಯ ಹೆಂಡತಿ ನಾಗಲಕ್ಷ್ಮಿ ಕೆಲಸಕ್ಕೆ ಕೈಜೋಡಿಸಲು ಎರಡು ದಿನ ಮೊದಲೇ ಹೋಗಿದ್ದಳು. ಗಿರಿ ರೇಷ್ಮೆ ಶರಟು ತೊಟ್ಟು ಮಾವನ ಪಕ್ಕ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಅತ್ತೆ.

ಗೇಟಿನ ಹತ್ತಿರ ನರಸಿಂಹಯ್ಯ ಹಾರ್ನು ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಅಂಗೈ ಇಟ್ಟು ಇಡೀ ಮೈಭಾರ ಬಿಟ್ಟರು. ಸದ್ದಿಲ್ಲ.

"ಇದೇನಿದು? ಆರನ್ ಗೊರ್ ಅನ್ನೂ ಅನ್ನಲ್ವಲ್ಲ!"

ಗಿರಿಯ ಬಲಗೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಜೇಬಿನಲ್ಲಿ ಹೊಸ ಕರವಸ್ತ್ರ ಬಿಟ್ಟರೆ ಇನ್ನೇನೂ ಇರಲಿಲ್ಲ. ನೀಲಿ ಫ್ಯೂಸು ನಿನ್ನೆಯ ಶರಟಿನಲ್ಲಿತ್ತು. ನಿನ್ನೆಯ ಶರಟು ಮನೆಯೊಳಗೆ, ಅತ್ತೆ ಈಗಷ್ಟೇ ಬೀಗ ಹಾಕಿದ್ದ ಮನೆಯೊಳಗೆ ಇತ್ತು.

ಹೇಳಿಬಿಡಬೇಕಿತ್ತು. ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಗೇಟು ತೆಗೆಯಲು ಬಂದಿದ್ದ ಬಾಡಿಗೆದಾರ ಅಲ್ಲೇ ನಿಂತು, "ಕ್ಯಾಮೆರಾ ಸೂಪರ್ ಸರ್," ಎಂದು ಗಿರಿಗೆ ಹೆಬ್ಬೆರಳು ತೋರಿಸಿದ. ಗಿರಿಯೂ ಹೆಬ್ಬೆರಳು ಎತ್ತಿದ.

"ಏನೋ ಲೂಸಾಗಿರ್ಬೇಕು ಮಾವ. ಒಂದ್ನಿಮಿಷ ಇಳೀರಿ, ನೋಡ್ತೀನಿ."

"ಇಳಿಯಾಕೆ ಟೈಮೆಲ್ಲೈತೆ? ಮೊದಲ್ನೇ ಪಂಕ್ತಿ ತಪ್ಪಿದ್ರೆ ಬರೀ ಮೂಳೆ ಸಿಗೋದು. ನಡೀರಿ, ಅಲ್ಲೋಗಿ ನೋಡಾನ."

ಕಾರು ಹೊರಟಿತು. ಮುನೇಶ್ವರನ ಗುಡಿ ಬಂತು. ನರಸಿಂಹಯ್ಯ ಅಭ್ಯಾಸಬಲದಿಂದ ಒತ್ತಿ, ಸದ್ದು ಬರದೆ ನೊಂದು, ಸ್ಟೇರಿಂಗು ಬಿಟ್ಟು ಎರಡೂ ಕೈ ಮುಗಿದರು. ಗಂಗರತ್ನಮ್ಮ ಹಿಂದಿನಿಂದ "ಅಯ್ಯಯ್ಯೋ!" ಎಂದರು.

ಯಲಹಂಕ ತಲುಪುವಷ್ಟರಲ್ಲಿ ಅವರು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ್ದರು. "ಏಯ್ ಬೈಕು! ಅತ್ಲಾಗ್ ಸರಿ!" "ಅಮ್ಮಣ್ಣಿ, ರೋಡು ನೋಡ್ಕಂಡು ದಾಟವ್ವ!" ಎಂ.ಎಸ್. ಪಾಳ್ಯದ ಹತ್ತಿರ ಒಬ್ಬ ಸ್ಕೂಟರಿನವನು ಕೂಗು ಕೇಳಿ ಗಾಬರಿಯಾಗಿ ನಿಂತು, "ಏನ್ ಸರ್, ಸ್ಟ್ಯಾಂಡ್ ತೆಗೆದಿಲ್ವಾ?" ಎಂದು ಕಾಲ ಬಳಿ ನೋಡಿಕೊಂಡ. ನರಸಿಂಹಯ್ಯನವರ ಗಂಟಲು ಗಂಗಮ್ಮನಗುಡಿ ಮುಟ್ಟುವುದರೊಳಗೆ ಒಡೆದುಹೋಯಿತು.

ಇತ್ತ ಗಿರಿಯ ಲೆಕ್ಕಾಚಾರ ಬೇರೆ. ಮಾವ ಸೀಟಿನಿಂದ ಒಂದು ನಿಮಿಷ ಎದ್ದರೆ ಸಾಕು. ಹಿಂದಿನ ಗಾಜಿನ ವೈಪರಿಗೂ ಅದೇ ನೀಲಿ ಹದಿನೈದು ಆಂಪ್ ಫ್ಯೂಸು. ಮಳೆಯಿಲ್ಲದ ದಿನ ಅದರ ಅವಶ್ಯಕತೆ ಯಾರಿಗಿದೆ? ಅದನ್ನು ಕಿತ್ತು ಟ್ಯಾಪಿನ ಕೆಳಗಿನ ಕಂಡಿಗೆ ಹಾಕಿದರೆ ಹಾರ್ನು ಬದುಕುತ್ತದೆ, ಮಾನವೂ ಉಳಿಯುತ್ತದೆ. ಆದರೆ ಫ್ಯೂಸ್ ಬಾಕ್ಸ್ ಇರುವುದು ಮಾವನ ಮೊಣಕಾಲಿನ ಹತ್ತಿರ.

"ಮಾವ, ಗಂಟಲು ಕಟ್ಟಿದೆ ನಿಮಗೆ. ನಾನು ಓಡಿಸ್ತೀನಿ."

"ಬ್ಯಾಡ."

"ಕಬ್ಬಿನ ಹಾಲು ಕುಡಿಯೋಣ್ವಾ?"

"ಒಟ್ಟೆ ತುಂಬಿಸ್ಕಂಡು ಬೀಗರೂಟಕ್ಕೆ ಓಗ್ತಾರೇನ್ರೀ?"

"ಡೀಸೆಲ್?"

ಬಂಕಿನಲ್ಲಿ ನಿಲ್ಲಿಸಿದರು. ಆದರೆ ಇಳಿಯಲಿಲ್ಲ. ಕೂತಲ್ಲಿಂದಲೇ ಹಣ ಕೊಟ್ಟು ಮುಂದೆ ಸಾಗಿದರು.

ಕೊನೆಗೆ ಜಾಲಹಳ್ಳಿ ಕ್ರಾಸಿನಲ್ಲಿ ಅದೃಷ್ಟ ತೆರೆಯಿತು. "ಬೀಗರೂಟಕ್ಕೆ ಬರಿಗೈಲಿ ಓಗಾಕಾಗ್ತದಾ? ಅಣ್ಣು ತತ್ತೀನಿ. ಏಸಿ ಓಡ್ಲಿ, ನಿಮ್ಮತ್ತೆಗೆ ಸೆಕೆ," ಎಂದು ಇಂಜಿನ್ ಚಾಲೂ ಬಿಟ್ಟೇ ಇಳಿದರು. ಅವರು ಹಣ್ಣಿನ ಗಾಡಿಯ ಕಡೆ ನಾಲ್ಕು ಹೆಜ್ಜೆ ಹಾಕಿದ್ದೇ ತಡ ಗಿರಿ ಹೆಂಡತಿಗೆ ಫೋನು ಹಚ್ಚಿ, ಕಿವಿಗೂ ಭುಜಕ್ಕೂ ನಡುವೆ ಸಿಗಿಸಿಕೊಂಡು, ಚಾಲಕನ ಬದಿಯ ಬಾಗಿಲು ತೆರೆದು ರಸ್ತೆಯಲ್ಲೇ ಮೊಣಕಾಲೂರಿದ.

"ನಾಗು, ಊಟ ಶುರುವಾಯ್ತಾ? ಇಲ್ವಾ? ಹತ್ತು ನಿಮಿಷ ತಡಿ ಅನ್ನು ದಾಸಪ್ಪ ಮಾವಂಗೆ. ಇಲ್ಲೊಂದು ರಾಮಾಯಣ ಆಗಿದೆ ಕಣೇ. ನಿಮ್ಮಪ್ಪನ ಹಾರ್ನ್ ಬಾಯಿ ಮುಚ್ಚಿಸಿದ್ದು ನಾನೇ! ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ವಾಪಸ್ ಹಾಕೋದೇ ಮರೆತೆ. ಅವ್ರು ಪಾಪ ರಾಜಾನುಕುಂಟೆಯಿಂದ ಕೋಳಿ ಥರ ಕೂಗ್ಕೊಂಡು ಬರ್ತಿದ್ದಾರೆ… ನಗ್ಬೇಡ್ವೇ!"

ಫೋನಿಟ್ಟು, ಮುಚ್ಚಳ ತೆಗೆದು, ನೀಲಿ ಫ್ಯೂಸಿನ ಮೇಲೆ ಬಾಕ್ಸಿನ ಪುಟ್ಟ ಇಕ್ಕಳ ಇಟ್ಟ. ಹಿಂದಿನ ಸೀಟಿನಿಂದ ಬಳೆ ತೊಟ್ಟ ಕೈಯೊಂದು ಬಂದು ಅವನ ಭುಜ ಹಿಡಿಯಿತು. ನಿದ್ದೆ ಮಾಡುತ್ತಿದ್ದಾರೆಂದು ಅವನು ತಿಳಿದಿದ್ದ ಅತ್ತೆ ಪೂರ್ತಿ ಎಚ್ಚರವಾಗಿದ್ದರು.

"ಬುಟ್ಬುಡಪ್ಪ ಗಿರಿ."

"ಅತ್ತೆ, ನಾನು… ಅದು…"

"ಎಲ್ಲಾ ಕೇಳಿಸ್ತು. ಸರಿ ಮಾಡ್‌ಬ್ಯಾಡ. ಈ ಕಾರು ಬಂದಾಗಿಂದ ಇವತ್ತೇ ನಾನು ಒಂಚೂರು ಕಣ್ಣು ಮುಚ್ಚಿದ್ದು. ತಲೆನೋವಿಲ್ಲ, ಎದೆ ಡವಡವ ಇಲ್ಲ. ವಾಪಸ್ ಮನೆಗೋಗೋಗಂಟ ಆ ಪುಣ್ಯಾತ್ಮ ಬಾಯಲ್ಲೇ ಕೂಗ್ಲಿ. ನಿನ್ ದಮ್ಮಯ್ಯ ಅಂತೀನಿ."

"ಅತ್ತೆ, ಹಾರ್ನ್ ಇಲ್ದೆ ತುಮಕೂರು ರೋಡಲ್ಲಿ ಹೋಗೋದು ಡೇಂಜರು."

"ಇಷ್ಟು ದೂರ ಬಂದಿಲ್ವಾ?"

ಗಿರಿ ಇಕ್ಕಳ ಒಳಗಿಟ್ಟು ಮುಚ್ಚಳ ಹಾಕಿದ. ಅಷ್ಟರಲ್ಲಿ ನರಸಿಂಹಯ್ಯ ಬಾಳೆಗೊನೆಯ ಎರಡು ಚಿಪ್ಪು, ಸೇಬಿನ ಕವರು ಹಿಡಿದು ಬಂದೇಬಿಟ್ಟರು. "ಏನ್ ಅಳಿಯಂದ್ರೇ, ಕೆಳಗೆ ಕೂತಿದ್ದೀರಿ?"

"ನಿಮ್ಮ ಚಪ್ಪಲಿ… ಬ್ರೇಕಿಗೆ ಸಿಗುತ್ತೇನೋ ಅಂತ ನೋಡ್ತಿದ್ದೆ," ಎಂದ ಗಿರಿ. ಮಾವ ತಮ್ಮ ಕಾಲು ನೋಡಿಕೊಂಡರು. ಚಪ್ಪಲಿ ಅಲ್ಲೇ ಇತ್ತು.

ನಾಗಸಂದ್ರ ದಾಟಿ ಸರ್ವಿಸ್ ರಸ್ತೆಗೆ ಇಳಿದಾಗ ಗಿರಿ ಹೆದರಿದ್ದು ನಡೆಯಿತು. ಸಿಮೆಂಟ್ ಅಂಗಡಿಯ ಮುಂದಿನಿಂದ ಒಂದು ಗೂಡ್ಸ್ ಆಟೋ ಹಿಂದುಹಿಂದಕ್ಕೆ ಬರತೊಡಗಿತು. ನರಸಿಂಹಯ್ಯ ಬ್ರೇಕು ಒತ್ತಿ ಕಾರು ನಿಲ್ಲಿಸಿದರು, ಹಾರ್ನನ್ನು ಗುದ್ದಿದರು, ಒಡೆದ ಗಂಟಲಲ್ಲಿ "ಓಯ್" ಎಂದರು. ಆ ಸದ್ದು ಸೊಳ್ಳೆಗೂ ಕೇಳುವಂತಿರಲಿಲ್ಲ. ಗಿರಿ ಕೂಗಿದ. ಗಂಗರತ್ನಮ್ಮ ಕೂಗಿದರು. ಆಟೋ ಬಂದು ಬಂಪರಿಗೆ ದಡ್ ಎಂದು ತಾಗಿ ನಿಂತಿತು.

ಚಾಲಕ ಇಳಿದು ಬಂದ. ತೆಳ್ಳಗಿನ ಆಸಾಮಿ, ಕಿವಿಯ ಮೇಲೆ ಪೆನ್ಸಿಲು.

"ಏನ್ ಯಜಮಾನ್ರೇ, ಹಿಂದೆ ಬಂದು ಗಪ್ಪಂತ ನಿಂತ್ಕೊಂಡ್ರೆ ನಂಗೇನ್ ಕನಸು ಬೀಳುತ್ತಾ? ಒಂದ್ ಹಾರ್ನ್ ಹೊಡೀಬಾರ್ದಾ?"

"ಆರನ್ ವಿಚಾರ ಎತ್ಬ್ಯಾಡ ನೀನು!" ನರಸಿಂಹಯ್ಯ ಪಿಸುಗುಟ್ಟುವ ದನಿಯಲ್ಲೇ ಗುಡುಗಿದರು. "ಇಂದೆ ನೋಡ್ದೆ ರಿವರ್ಸ್ ತಗೋತೀಯ! ನನ್ ಗಾಡಿ ನಿಂತಿತ್ತು. ಕ್ಯಾಮ್ರಾ ಐತೆ ಕಣೋ, ಕ್ಯಾಮ್ರಾ! ಅಳಿಯಂದ್ರೇ, ತೋರ್ಸಿ!"

ಇಂಥ ಗಳಿಗೆಗಾಗಿಯೇ ಕ್ಯಾಮೆರಾ ಹಾಕಿಸಿದ್ದು. ಗಿರಿ ಮೊಬೈಲಿಗೆ ಅದನ್ನು ಜೋಡಿಸಿದ. ಪರದೆಯ ಮೇಲೆ ಅಂದಿನ ವಿಡಿಯೋಗಳೆಲ್ಲ ಚಿಕ್ಕ ಚಿಕ್ಕ ತುಂಡುಗಳಾಗಿ ಸಾಲುಗಟ್ಟಿದವು. ಅವನು ಸರಿಯಾದದ್ದನ್ನು ಹುಡುಕುತ್ತಿದ್ದಂತೆ ತಾಳ್ಮೆಗೆಟ್ಟ ಮಾವ ಮೊಬೈಲು ಕಿತ್ತುಕೊಂಡು, ದಪ್ಪ ಹೆಬ್ಬೆರಳಿನಿಂದ ಮಧ್ಯದ ಒಂದನ್ನು ಒತ್ತಿದರು.

ಪರದೆಯ ಮೇಲೆ ಜಾಲಹಳ್ಳಿ ಕ್ರಾಸಿನ ಹಣ್ಣಿನ ಗಾಡಿ, ಬಾಳೆಹಣ್ಣು ಮೂಸುತ್ತಿರುವ ನರಸಿಂಹಯ್ಯ. ಕ್ಯಾಮೆರಾ ಚಿತ್ರದ ಜೊತೆ ಕಾರಿನೊಳಗಿನ ಮಾತನ್ನೂ ಹಿಡಿಯುತ್ತದೆಂಬುದು ಗಿರಿಗೆ ನೆನಪಾಗುವಷ್ಟರಲ್ಲಿ ಅವನದೇ ದನಿ ಸ್ಪಷ್ಟವಾಗಿ ಹೊರಬಂತು.

"ನಿಮ್ಮಪ್ಪನ ಹಾರ್ನ್ ಬಾಯಿ ಮುಚ್ಚಿಸಿದ್ದು ನಾನೇ! ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು…"

ಗಿರಿ ಮೊಬೈಲಿಗೆ ಕೈ ಚಾಚಿದ. ಮಾವ ಅದನ್ನು ಎತ್ತರಕ್ಕೆ ಹಿಡಿದರು. "ಕೋಳಿ ಥರ" ಬಂತು. ಆಟೋದವನು ಕುತೂಹಲದಿಂದ ಹತ್ತಿರ ಸರಿದ. ಸಿಮೆಂಟ್ ಅಂಗಡಿಯವರೂ ಬಂದರು. ಆಮೇಲೆ ಗಂಗರತ್ನಮ್ಮನವರ ಮೆಲುದನಿ, "ಆ ಪುಣ್ಯಾತ್ಮ ಬಾಯಲ್ಲೇ ಕೂಗ್ಲಿ." ಗಂಗರತ್ನಮ್ಮ ಕಾರಿನೊಳಗೆ ಕೂತಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು.

ವಿಡಿಯೋ ಮುಗಿಯಿತು. ಆಟೋದವನ ಮುಖ ಹಬ್ಬದಂತಾಯಿತು.

"ಯಜಮಾನ್ರೇ, ಗಾಡೀಲಿ ಹಾರ್ನೇ ಇಲ್ಲ! ಇನ್ನೊಂದ್ಸಲ ಹಾಕಿ, ನಮ್ ಓನರ್‌ಗೂ ಕೇಳಿಸ್ತೀನಿ."

ನರಸಿಂಹಯ್ಯ ಅವನಿಗೆ ಬೆನ್ನು ಹಾಕಿದರು. ಅಳಿಯನ ಕಡೆ ತಿರುಗಿದರು. ಬಹುವಚನ ಹಾರಿಹೋಗಿತ್ತು.

"ಬಾರಪ್ಪ ಇಲ್ಲಿ. ತೋರ್ಸು. ಏನ್ ಮಾಡ್ದೆ ತೋರ್ಸು."

ಗಿರಿ ಕೀ ತೆಗೆದು, ರೇಷ್ಮೆ ಶರಟಿನಲ್ಲೇ ಧೂಳಿನ ರಸ್ತೆಯಲ್ಲಿ ಕೂತು ಮುಚ್ಚಳ ತೆಗೆದ. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಆಟೋದವನು ಮೊಬೈಲಿನ ಟಾರ್ಚು ಹಾಕಿ ಹಿಡಿದ. ಟ್ಯಾಪಿನ ಕೆಳಗಿನ ಕಂಡಿ ಬಾಯಿ ತೆರೆದುಕೊಂಡು ಖಾಲಿ ಇತ್ತು. ನರಸಿಂಹಯ್ಯ ಅದರತ್ತ ಬೆರಳು ಮಾಡಿದರು.

"ಮೇಲಿನ ಮನೆಗೆ ಒಸಬನ್ನ ಕರ್ಕಂಬಂದು, ಕೆಳಗಿನ ಮನೇಲಿದ್ದ ಅಳೇ ಬಾಡಿಗೆದಾರನ್ನ ಬೀದಿಗಾಕ್‌ಬುಟ್ಟೆ."

"ಹೌದು ಮಾವ."

"ಬೆಳಿಗ್ಗೆ ಗೇಟ್ ತಾವೇ ಗೊತ್ತಾಗಿತ್ತಲ್ವಾ?"

"ಗೊತ್ತಾಗಿತ್ತು. ನೀವು ನಿನ್ನೆ ಅಷ್ಟೊಂದು ಹೊಗಳಿದ್ರಿ… ಬಾಯಿ ಬರ್ಲಿಲ್ಲ."

ಗಿರಿ ಹಿಂದಿನ ವೈಪರಿನ ನೀಲಿ ಫ್ಯೂಸು ಕಿತ್ತು ಟ್ಯಾಪಿನ ಕೆಳಗಿನ ಕಂಡಿಗೆ ಒತ್ತಿದ. ಗಂಗರತ್ನಮ್ಮ ಕಿಟಕಿಯಿಂದ ಬಗ್ಗಿ, "ಅವುನ್ನೇನೂ ಅನ್‌ಬ್ಯಾಡಿ. ಸರಿ ಮಾಡಾಕೋಗಿದ್ದ, ನಾನೇ ತಡೆದೆ. ಗುದ್ದಿದಾಗ ನಂಗೂ ಜೀವ ಬಾಯಿಗ್ಬಂತು," ಎಂದರು.

ನರಸಿಂಹಯ್ಯ ಎದ್ದು ಹೆಂಡತಿಯನ್ನು ನೋಡಿದರು. "ಅಷ್ಟು ತಲೆನೋವು ಬತ್ತದಾ ನಿಂಗೆ?"

"ಬತ್ತದೆ."

"ಏಳ್ಬಾರ್ದಾಗಿತ್ತಾ?"

"ಏಳ್ದಾಗೆಲ್ಲ ಆರನ್ ಒಡೀತಿದ್ರಿ. ಎಂಗೆ ಕೇಳಿಸ್ತದೆ?"

ಸಿಮೆಂಟ್ ಅಂಗಡಿಯವರು ಗೊಳ್ಳೆಂದು ನಕ್ಕರು. ನರಸಿಂಹಯ್ಯನವರ ಮೀಸೆಯೂ ಒಂದು ಬದಿಗೆ ಅಲುಗಿತು. ಅವರು ಕಾರಿನೊಳಗೆ ಕೈ ಹಾಕಿ ಹಾರ್ನು ಒತ್ತಿದರು. ಅದು ಬೀದಿಗೆಲ್ಲ ಕೇಳುವಂತೆ ಮೊಳಗಿತು. ಅವರು ತಾವೇ ಬೆಚ್ಚಿಬಿದ್ದು ಕೈ ತೆಗೆದರು. ಆಮೇಲೆ ಬಂಪರನ್ನು ಸವರಿ ನೋಡಿದರು. ಆಟೋದ ಹಸಿರು ಬಣ್ಣ ಒಂದಿಷ್ಟು ಅಂಟಿತ್ತು, ಉಗುರಲ್ಲಿ ಕೆರೆದರೆ ಹೋಗುವಂಥದ್ದು.

"ನಿನ್ ಎಸ್ರೇನಪ್ಪ?" ಎಂದರು ಆಟೋದವನಿಗೆ.

"ವಾಸು."

"ಮಟನ್ ತಿಂತೀಯಾ?"

ವಾಸು ಗಲಿಬಿಲಿಗೊಂಡ. "ತಿಂತೀನಿ ಯಜಮಾನ್ರೇ."

"ಆಟೋ ತಿರುಗಿಸ್ಕೋ. ಇಂದೆ ನೋಡ್ಕಂಡು ತಿರುಗಿಸ್ಕೋ. ಮಾಕಳೀಲಿ ನಮ್ ಬಾಮೈದನ ಮನೆ ಊಟ. ನಮ್ ಮನೆ ಮರ್ಯಾದೆನೆಲ್ಲ ಕೇಳ್ಕಂಡಿದೀಯ, ಉಪ್ಪು ತಿಂದ್ರೆ ಬಾಯಿ ಮುಚ್ಕಂಡಿರ್ತೀಯ."

ಮಾಕಳಿಯ ಶಾಮಿಯಾನದ ಕೆಳಗೆ ಮೊದಲ ಪಂಕ್ತಿ ಏಳುತ್ತಿತ್ತು. ನಾಗಲಕ್ಷ್ಮಿ ಗಂಡನನ್ನು ಕಂಡದ್ದೇ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅವಳು ಯಾರಿಗೆಲ್ಲ ಹೇಳಿದ್ದಳೋ, ಗಿರಿ ಕೈ ತೊಳೆಯಲು ಹೋದ ಕಡೆಯೆಲ್ಲ ಹೆಂಗಸರು ಬಾಯಲ್ಲೇ "ಪೋಂ ಪೋಂ" ಎನ್ನುತ್ತ ಸರಿದರು. ಎರಡನೇ ಪಂಕ್ತಿಯಲ್ಲಿ ಮಾವ ಅವನ ಕೈ ಹಿಡಿದು ಎಳೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಇನ್ನೊಂದು ಪಕ್ಕ ವಾಸು.

ಬೈಗುಳ ಈಗ ಬರುತ್ತದೆ ಎಂದು ಗಿರಿ ಮುದ್ದೆಯ ಮೇಲೆ ಕಣ್ಣಿಟ್ಟು ಕಾದ. ನರಸಿಂಹಯ್ಯ ಎದುರು ಬಂದು ನಿಂತ ಬಾಮೈದ ದಾಸಪ್ಪನಿಗೆ ಒಡೆದ ಗಂಟಲಲ್ಲೇ ಹೇಳತೊಡಗಿದರು.

"ಕ್ಯಾಮ್ರಾ ಆಕ್ಸಿದೀನಿ ಕಣೋ ದಾಸ. ಗುದ್ದಿದ್ದು, ಒದ್ದಿದ್ದು, ಮಾತಾಡಿದ್ದು, ಒಂದನ್ನೂ ಬುಡಲ್ಲ. ಭಾರೀ ಗಟ್ಟಿ ಕೆಲ್ಸ." ಎಡಗೈಯಲ್ಲಿ ಎಲೆಯ ತುದಿಯ ಮೇಲೆ ಎರಡು ಮೂಳೆಗಳನ್ನು ಒಂದರ ಮೇಲೊಂದು ಜೋಡಿಸಿದರು. "ಇದು ಫ್ಯೂಸ್ ಟ್ಯಾಪು ಅಂತ. ಕೆಳಗಿಂದು ಅಳೇದು, ಮೇಲಿಂದು ಒಸದು. ಎರಡನ್ನೂ ಆಕ್ಬೇಕು. ಒಂದೇ ಆಕಿದ್ರೆ ಏನಾಗ್ತದೆ ಗೊತ್ತಾ?"

"ಏನಾಗ್ತದೆ ಭಾವ?"

ನರಸಿಂಹಯ್ಯ ಗಿರಿಯ ಕಡೆ ಓರೆಗಣ್ಣಿನಿಂದ ನೋಡಿದರು. "ಗಂಟಲು ಓಗ್ತದೆ. ಅಳಿಯಂದ್ರೇ, ನಾಚ್ಕೋಬ್ಯಾಡಿ, ತಿನ್ನಿ," ಎಂದರು.

ವಾಸು ಮುದ್ದೆ ನುಂಗುವಾಗ ನಗು ಬಂದು ಕೆಮ್ಮಿದ. ದಾಸಪ್ಪನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕ್ಯಾಮೆರಾ ಇಷ್ಟವಾಯಿತು. "ಮುಂದಿನ ಭಾನುವಾರ ನಮ್ ಗಾಡಿಗೂ ಹಾಕ್ಕೊಡಪ್ಪ ಗಿರಿ," ಎಂದು ಹೇಳಿ, ಇನ್ನೊಂದು ಸೌಟು ತರಲು ಒಲೆಯ ಕಡೆ ಹೋದ.

ಅವನು ಹೋಗುವುದನ್ನೇ ಕಾಯುತ್ತಿದ್ದ ಅವನ ಹೆಂಡತಿ ಲಕ್ಷ್ಮಿದೇವಮ್ಮ ಅನ್ನದ ಬುಟ್ಟಿ ಹಿಡಿದು ಬಂದು, ಬಡಿಸುವ ನೆಪದಲ್ಲಿ ಗಿರಿಯ ಕಿವಿಯ ಹತ್ತಿರಕ್ಕೆ ಬಗ್ಗಿದರು.

"ಅಪ್ಪಾ, ನಾಗು ಎಲ್ಲ ಏಳಿದ್ಲು. ನಮ್ಮೋರ ಗಾಡಿಗೆ ಆಕ್ವಾಗ ಆ ಆರನ್ ಫ್ಯೂಸ್ ಯಾವ ಬಣ್ಣದ್ದು ಅಂತ ನನ್ ಒಬ್ಬಳಿಗೆ ತೋರ್ಸಿ ಓಗಪ್ಪ."